ರೇವಾ ಮತ್ತೆ ಓಡೀತೇ?

ತೊರವಿಯ ಓದುಗರೊಬ್ಬರು ಕೇಳಿದ್ದಾರೆ: ‘ಮನೆ ಮುಂದೆ ಹಳೆಯ ರೇವಾ ಕಾರು ಧೂಳು ತಿನ್ನುತ್ತ ನಿಂತಿದೆ. ಲಿಥಿಯಂ ಬ್ಯಾಟರಿ ಹಾಕಿಸಿದರೆ ವಿಜಯಪುರಕ್ಕೆ ದಿನಾ ಹೋಗಿಬರಲು ಆದೀತೇ?’

ಎಂಥ ಸೊಗಸಾದ ಪ್ರಶ್ನೆ! 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ಈ ಪುಟ್ಟ ವಿದ್ಯುತ್ ಕಾರನ್ನು ಲಂಡನ್ನಿನವರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಕೊಂಡು ಓಡಿಸಿದರು. ನಮ್ಮಲ್ಲಿ ಮಾತ್ರ ಕೊಳ್ಳುವವರೇ ವಿರಳ. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು, ಮುಂದೆ ಆ ಮಾದರಿಯ ತಯಾರಿಕೆಯೂ ನಿಂತಿತು.

ಕಾರನ್ನು ಸೋಲಿಸಿದ್ದು ಮುಂದಿನ ಸೀಟುಗಳ ಅಡಿಯಲ್ಲಿದ್ದ ಬ್ಯಾಟರಿ. 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಇಡೀ ಕಾರಿನ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು! ಈ ಬ್ಯಾಟರಿಗೆ ಒಂದು ವಿಚಿತ್ರ ಗುಣವಿದೆ. ನಿಧಾನವಾಗಿ ಬಳಸಿದರೆ ಧಾರಾಳ, ಅವಸರಪಡಿಸಿದರೆ ಜಿಪುಣ. ಸೀಸದ ಫಲಕದ ಸಣ್ಣ ಸಣ್ಣ ರಂಧ್ರಗಳೊಳಗಿನ ಆಮ್ಲ ಖರ್ಚಾದಂತೆ ಹೊರಗಿನಿಂದ ಹೊಸ ಆಮ್ಲ ಒಳಗೆ ಇಳಿಯಬೇಕು, ಅದಕ್ಕೆ ಸಮಯ ಬೇಕು. ಏರಿನಲ್ಲಿ ಜೋರಾಗಿ ಒತ್ತಿದರೆ ಆಮ್ಲ ಒಳಗೆ ತಲುಪುವ ಮೊದಲೇ ಮೇಲ್ಮೈ ಮೇಲೆ ಸೀಸದ ಸಲ್ಫೇಟು ಕಟ್ಟಿ ರಂಧ್ರಗಳ ಬಾಯಿ ಮುಚ್ಚುತ್ತದೆ. ಒಳಗಿನ ಸೀಸ ಕೆಲಸವಿಲ್ಲದೆ ಉಳಿಯುತ್ತದೆ. 20 ಗಂಟೆಗಳಲ್ಲಿ ಸಿಗುವ ವಿದ್ಯುತ್ತಿನಲ್ಲಿ, ಒಂದೇ ಗಂಟೆಯಲ್ಲಿ ಹೀರಿದಾಗ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಕೈಗೆ ಬರುತ್ತದೆ. ‘ಖಾಲಿ’ಯಾಗಿ ನಿಂತ ಕಾರು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಒಂದಿಷ್ಟು ದೂರ ಹೋಗುವ ಸೋಜಿಗಕ್ಕೂ ಇದೇ ಕಾರಣ: ಆ ಬಿಡುವಿನಲ್ಲಿ ಆಮ್ಲ ಒಳಗೆ ಇಳಿದಿರುತ್ತದೆ.

ಇಲ್ಲೊಂದು ಮೂಢನಂಬಿಕೆಯನ್ನು ಗದರಲೇಬೇಕು. ‘ಪೂರ್ತಿ ಖಾಲಿಯಾದ ಮೇಲೇ ಚಾರ್ಜಿಗೆ ಹಾಕಬೇಕು’ ಎಂದು ಬ್ಯಾಟರಿ ಆಟೊ ಓಡಿಸುವವರು ಈಗಲೂ ಹೇಳುತ್ತಾರೆ. ಅದು ಹಳೆಯ ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಸೀಸದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಸಲ್ಫೇಟು ಗಟ್ಟಿ ಹರಳಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗದು. ನಮ್ಮ ಓದುಗರ ಕಾರಿನ ಬ್ಯಾಟರಿಗಳಿಗೂ ನಿಂತಲ್ಲೇ ಇದೇ ಗತಿಯಾಗಿರುತ್ತದೆ.

ಈಗ ಲಿಥಿಯಂ ಐರನ್ ಫಾಸ್ಫೇಟ್ ಬಂದಿದೆ. ಅಷ್ಟೇ ವಿದ್ಯುತ್ತು ಹಿಡಿಸುವ ಪೆಟ್ಟಿಗೆಗೆ ಸೀಸದ ಮೂರನೇ ಒಂದರಷ್ಟು ತೂಕ ಸಾಕು. ಜೋರಾಗಿ ಹೀರಿದರೂ ಹೆಚ್ಚು ನಷ್ಟವಿಲ್ಲ, ಬಾಳಿಕೆಯೂ ಹಲವು ಪಟ್ಟು. ಪೇಟೆಗೆ ಹೋಗಿಬರುವ ಹತ್ತು-ಹನ್ನೆರಡು ಕಿಲೋಮೀಟರು ಅದಕ್ಕೆ ಏನೇನೂ ಅಲ್ಲ.

ಆದರೆ ಪೆಟ್ಟಿಗೆ ಬದಲಿಸಿದರೆ ಸಾಲದು. ಸೀಸದ ಬ್ಯಾಟರಿಗಳನ್ನು ಸರಿದೂಗಿಸಲು ಹಳೆಯ ಚಾರ್ಜರು ಆಗಾಗ 60 ವೋಲ್ಟು ದಾಟುತ್ತದೆ. 16 ಲಿಥಿಯಂ ಕೋಶಗಳ ಸಾಲಿಗೆ 58.4 ವೋಲ್ಟೇ ಮಿತಿ. ಆದ್ದರಿಂದ ಹೊಸ ಚಾರ್ಜರು ಬೇಕು, ಪ್ರತಿ ಕೋಶವನ್ನೂ ಕಾಯುವ ನಿಯಂತ್ರಣ ಫಲಕ ಬೇಕು. ಸಾರಿಗೆ ಕಚೇರಿಯ ಒಪ್ಪಿಗೆಯೂ ಬೇಕು. ಅಷ್ಟು ತೂಕ ಇಳಿದ ಮೇಲೆ ಕಾರು ಎತ್ತರಕ್ಕೆ ಎದ್ದು ನಿಲ್ಲುತ್ತದೆ, ಸ್ಪ್ರಿಂಗುಗಳನ್ನೂ ಬದಲಿಸಬೇಕಾದೀತು.

ನನ್ನ ಚಿಂತೆ ಬೇರೆಯದು. ಏರ್‌ಬ್ಯಾಗಿಲ್ಲದ, ಪ್ಲಾಸ್ಟಿಕ್ ಮೈಯ ಈ ಹಗುರ ಕಾರು ಅಥಣಿ ರಸ್ತೆಯಲ್ಲಿ ಲಾರಿಗಳ ನಡುವೆ ಸಾಗಬೇಕು. ಬ್ಯಾಟರಿಯ ಸೋಲನ್ನು ಇಂದಿನ ಕಾಲ ಸರಿಪಡಿಸಿದೆ, ಆ ಮೈಯನ್ನಲ್ಲ. ಊರೊಳಗಿನ ಓಡಾಟಕ್ಕಾದರೆ ಧಾರಾಳವಾಗಿ ಹಾಕಿಸಿ. ಪೇಟೆಗೆ ಹೋಗಲು ಬಸ್ಸೇ ಮೇಲು.