ಮುದ್ರಾಂಕ ಶುಲ್ಕ ಯಾವ ಬೆಲೆಯ ಮೇಲೆ?

ಮುದ್ರಾಂಕ ಶುಲ್ಕ ಬೀಳುವುದು ಜಮೀನಿನ ಮೇಲಲ್ಲ, ಅದನ್ನು ಕೈ ಬದಲಾಯಿಸುವ ಪತ್ರದ ಮೇಲೆ. ಆದರೆ ಲೆಕ್ಕಕ್ಕೆ ಹಿಡಿಯುವ ಬೆಲೆ ಪತ್ರದಲ್ಲಿ ಬರೆದದ್ದೇ ಆಗಿರಬೇಕೆಂದಿಲ್ಲ. ಕರ್ನಾಟಕದಲ್ಲಿ ಪ್ರತಿ ಬಡಾವಣೆ, ಪ್ರತಿ ಹಳ್ಳಿಗೂ ಸರ್ಕಾರ ಮಾರ್ಗಸೂಚಿ ಬೆಲೆ ನಿಗದಿಪಡಿಸಿದೆ. ಕೊಂಡ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ಶುಲ್ಕ.

ಪೇಟೆಯ ಒಂದು ನಿವೇಶನವನ್ನು 50 ಲಕ್ಷಕ್ಕೆ ಕೊಂಡಿರಿ, ಮಾರ್ಗಸೂಚಿಯ ಪ್ರಕಾರ ಅದು 60 ಲಕ್ಷ ಎಂದುಕೊಳ್ಳಿ. ಶೇ. 5ರಂತೆ ಶುಲ್ಕ 3 ಲಕ್ಷ. ಆ ಶುಲ್ಕದ ಮೇಲೆ ಶೇ. 10 ಉಪಕರ, ಅಂದರೆ 30,000, ಶೇ. 2 ಸರ್‌ಚಾರ್ಜ್, 6,000. ಒಟ್ಟು 3,36,000 ರೂಪಾಯಿ. ಹಳ್ಳಿಯಲ್ಲಾದರೆ ಸರ್‌ಚಾರ್ಜ್ ಶೇ. 3, ಹಾಗಾಗಿ ಇನ್ನೂ 3,000 ಹೆಚ್ಚು. ನೋಂದಣಿ ಶುಲ್ಕ ಬೇರೆಯೇ: 2025ರ ಆಗಸ್ಟ್ ಕೊನೆಯಿಂದ ಅದು ಶೇ. 1ರಿಂದ 2ಕ್ಕೆ ಏರಿದೆ. ಬ್ಯಾಂಕ್ ಸಾಲ ನಂಬಿ ಹೊರಟವರು ಎಡವುವುದು ಇಲ್ಲೇ. ಈ ಖರ್ಚನ್ನು ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು.

ಬೆಲೆ ಕಡಿಮೆ ತೋರಿಸಿದ ಅನುಮಾನ ಬಂದರೆ ಉಪನೋಂದಣಾಧಿಕಾರಿ ಮುದ್ರಾಂಕ ಕಾಯ್ದೆಯ 45-ಎ ಕಲಮಿನಡಿ ಪ್ರಕರಣವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸುತ್ತಾರೆ. ಮಾರ್ಗಸೂಚಿ ಬೆಲೆಯೇ ಜಾಸ್ತಿಯಾಯಿತು ಎನ್ನುವ ಕೊಳ್ಳುವವರೂ ಅಲ್ಲಿ ವಾದಿಸಬಹುದು.

ಗಡಿ ದಾಟಿದರೆ ದರವೇ ಬೇರೆ. ಕೇರಳದಲ್ಲಿ ಶೇ. 8, ಅದೇ 60 ಲಕ್ಷಕ್ಕೆ 4,80,000. ವಿನಿಮಯ ಪತ್ರ, ಷೇರು ವರ್ಗಾವಣೆಯಂಥ ಕೆಲವು ದಾಖಲೆಗಳ ದರ ಮಾತ್ರ ಕೇಂದ್ರದ ಕೈಯಲ್ಲಿದೆ. ಕ್ರಯಪತ್ರದ ದರವನ್ನು ಸಂವಿಧಾನ ರಾಜ್ಯಗಳಿಗೇ ಬಿಟ್ಟಿದೆ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವಾಗಿಯೇ ಏರಿಸಿ ಇಳಿಸಬಲ್ಲ ತೆರಿಗೆಗಳು ಉಳಿದಿರುವುದೇ ಕೆಲವು. ಬೊಕ್ಕಸ ಬರಿದಾದಾಗ ಅವುಗಳ ಕಣ್ಣು ಮೊದಲು ಇದರ ಮೇಲೇ ಬೀಳುತ್ತದೆ.