ಹಬೆ ಏಳುವವರೆಗೆ ಬಿಸಿ, ಕುದಿಯುವವರೆಗೆ ಅಲ್ಲ

ಕ್ಷಯದ ಅನುಮಾನ ಇರುವವರ ಕಫವನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆಗೆ ಝೀಲ್–ನೀಲ್ಸನ್ ವಿಧಾನ ಎಂದು ಹೆಸರು. 1880ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕೆಲಸಕ್ಕೆ ಹೊಸದಾಗಿ ಸೇರಿದ ಟೆಕ್ನಿಷಿಯನ್ ಇದನ್ನು ಮಾಡುವುದು ಲ್ಯಾಬಿನಲ್ಲಿ ಬರೆದಿಟ್ಟ ಕಾರ್ಯವಿಧಾನ, ಅಂದರೆ ಎಸ್‌ಒಪಿ ನೋಡಿಕೊಂಡು. ಆ ಬರಹ ಸಾಮಾನ್ಯವಾಗಿ ಹೀಗಿರುತ್ತದೆ:

‘ಸ್ಥಿರೀಕರಿಸಿದ ಸ್ಲೈಡುಗಳನ್ನು ಶೇ 1ರ ಕಾರ್ಬಾಲ್ ಫುಕ್ಸಿನ್‌ನಿಂದ ಆವರಿಸಿ, ಸೂಕ್ತವಾಗಿ ಶಾಖಕ್ಕೊಳಪಡಿಸಿ, 5 ನಿಮಿಷಗಳ ನಂತರ ತೊಳೆದು, ಶೇ 25ರ ಸಲ್ಫ್ಯೂರಿಕ್ ಆಮ್ಲದಿಂದ ನಿರ್ವರ್ಣಗೊಳಿಸತಕ್ಕದ್ದು.’

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸ್ಪಿರಿಟ್ ದೀಪ ಹಿಡಿದು ನಿಂತ ಹುಡುಗಿಗೆ ಬೇಕಾದ ಉತ್ತರಗಳು ಇಲ್ಲಿಲ್ಲ. ಎಷ್ಟು ಬಿಸಿಯಾದರೆ ‘ಸೂಕ್ತ’? ಐದು ನಿಮಿಷ ಎಣಿಸುವುದು ಬಣ್ಣ ಸುರಿದಾಗಿನಿಂದಲೋ, ಬಿಸಿ ಮಾಡಿದ ಮೇಲೋ? ಬಣ್ಣ ಹೋಯಿತು ಎಂದು ತಿಳಿಯುವುದು ಹೇಗೆ?

ಇದನ್ನೇ ಬಿಡಿಸಿ ಬರೆಯೋಣ. ಸವರಿದ ಬದಿ ಮೇಲೆ ಬರುವಂತೆ ಸ್ಲೈಡನ್ನು ರ‍್ಯಾಕಿನಲ್ಲಿಡಿ. ಸೋಸಿದ ಕಾರ್ಬಾಲ್ ಫುಕ್ಸಿನ್ ಅನ್ನು ಇಡೀ ಸ್ಲೈಡ್ ಮುಚ್ಚುವಷ್ಟು ಸುರಿಯಿರಿ. ಕುದಿಯಲು ಬಿಡಬೇಡಿ, ಹಬೆ ಏಳುವವರೆಗೆ ಮಾತ್ರ ಕೆಳಗಿನಿಂದ ದೀಪ ಹಿಡಿಯಿರಿ. ಹಬೆ ಕಂಡ ಕೂಡಲೇ ದೀಪ ತೆಗೆಯಿರಿ. ಈಗ ಟೈಮರ್ ಒತ್ತಿ: 5 ನಿಮಿಷ. ವಾಕ್ಯಕ್ಕೊಂದೇ ಕೆಲಸ, ಆ ಕೆಲಸ ಮುಗಿಯಿತೆನ್ನಲು ಕಣ್ಣಿಗೆ ಕಾಣುವ ಗುರುತು. ಪ್ರಮಾಣಗಳಲ್ಲಿ ಒಂದೂ ಬದಲಾಗಿಲ್ಲ.

ಹಬೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕ್ಷಯದ ಬ್ಯಾಕ್ಟೀರಿಯಾದ ಹೊರಪದರ ಮೇಣದಂಥದ್ದು, ಬಣ್ಣ ಸುಲಭವಾಗಿ ಒಳಗಿಳಿಯುವುದಿಲ್ಲ. ಬಿಸಿ ಕಡಿಮೆಯಾದರೆ ಬ್ಯಾಕ್ಟೀರಿಯಾ ಪೇಲವವಾಗಿ ಉಳಿದು, ರೋಗವಿದ್ದರೂ ‘ಇಲ್ಲ’ ಎಂಬ ವರದಿ ಹೋಗಬಹುದು. ಕುದಿದು ಒಣಗಿದರೆ ಬಣ್ಣವೇ ಹರಳುಗಟ್ಟಿ, ಆ ಕೆಂಪು ಹರಳುಗಳನ್ನು ಬ್ಯಾಕ್ಟೀರಿಯಾ ಎಂದು ಎಣಿಸುವ ಅಪಾಯವಿದೆ. ಈ ಕಾರಣವನ್ನು ಎಸ್‌ಒಪಿಯಲ್ಲಿ ಹೇಳಲೇಬೇಕು. ಆದರೆ ಹಂತದ ನಡುವೆ ತುರುಕದೆ, ಪಕ್ಕದಲ್ಲಿ ಒಂದು ಸಾಲಾಗಿ. ಕೈ ಕೆಲಸದಲ್ಲಿದ್ದಾಗ ಕಣ್ಣು ಮುಂದಿನ ಹಂತವನ್ನು ಹುಡುಕುತ್ತಿರುತ್ತದೆ.

ಸರಳಗೊಳಿಸಲು ಹೊರಟವರು ಹೆಚ್ಚಾಗಿ ಎಡವುವುದು ಆಮ್ಲದ ಹಂತದಲ್ಲಿ. ಆಮ್ಲ ಸುರಿದು 2ರಿಂದ 4 ನಿಮಿಷ ಬಿಡಬೇಕೆಂಬುದು ನಿಯಮ. ‘ಹೊಸಬರಿಗೆ ಗೊಂದಲ ಬೇಡ’ ಎಂದು ಅದನ್ನು ಸುಮ್ಮನೆ 3 ನಿಮಿಷ ಮಾಡಿಬಿಡುತ್ತಾರೆ. ಓದಲು ಹಗುರವಾಯಿತು, ಕೆಲಸ ಕೆಟ್ಟಿತು. ತೆಳ್ಳಗೆ ಸವರಿದ ಕಫ ಬೇಗ ಬಣ್ಣ ಬಿಡುತ್ತದೆ, ದಪ್ಪಗಿನದು ತಡವಾಗಿ. ಹಾಗಾಗಿ ಆ ಎರಡು ಅಂಕಿಗಳನ್ನು ಹಾಗೇ ಉಳಿಸಿ, ಗುರುತನ್ನು ಸೇರಿಸಬೇಕು: ನೀರಿನಲ್ಲಿ ಮೆಲ್ಲಗೆ ತೊಳೆದು ನೋಡಿ, ಇನ್ನೂ ಕೆಂಪಗಿದ್ದರೆ ಮತ್ತೆ ಆಮ್ಲ ಹಾಕಿ 1ರಿಂದ 3 ನಿಮಿಷ ಬಿಡಿ. ನಿಖರತೆ ಎಂದರೆ ಒಂದೇ ಅಂಕಿ ಎಂದು ತಿಳಿಯುವುದು ನನ್ನ ಪ್ರಕಾರ ಇಂಥ ಬರಹದ ದೊಡ್ಡ ದೋಷ. ನಂತರದ ಮೆಥಿಲೀನ್ ಬ್ಲೂಗೆ 30 ಸೆಕೆಂಡ್ ಎಂದು ಬರೆದರೆ ಸಾಕು.

ಆ ಆಮ್ಲವನ್ನು ತಯಾರಿಸುವ ಪುಟದಲ್ಲಿ ಮಾತಿನ ಕ್ರಮವೇ ಜೀವ ಕಾಯುತ್ತದೆ. ‘25 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಮತ್ತು 75 ಮಿ.ಲೀ. ನೀರನ್ನು ಬೆರೆಸಿ. ಎಚ್ಚರಿಕೆ: ಆಮ್ಲಕ್ಕೆ ನೀರು ಹಾಕಬಾರದು’ ಎಂದಿದ್ದರೆ, ಮೊದಲ ವಾಕ್ಯ ಓದಿ ಆಮ್ಲ ಅಳೆದು ನೀರು ಸುರಿದವರಿಗೆ ಎಚ್ಚರಿಕೆ ಸಿಗುವುದು ಆಮ್ಲ ಮುಖಕ್ಕೆ ಸಿಡಿದ ಮೇಲೆ. ಕನ್ನಡಕ, ಕೈಗವಸಿನ ಮಾತು ಮತ್ತು ಎಚ್ಚರಿಕೆ ಮೊದಲು ಬರಲಿ. ಆಮೇಲೆ: ಫ್ಲಾಸ್ಕಿಗೆ 75 ಮಿ.ಲೀ. ಡಿಸ್ಟಿಲ್ಡ್ ನೀರು ಹಾಕಿ. ಅದಕ್ಕೆ 25 ಮಿ.ಲೀ. ಆಮ್ಲವನ್ನು ಫ್ಲಾಸ್ಕಿನ ಒಳಗೋಡೆಯ ಗುಂಟ ನಿಧಾನವಾಗಿ ಇಳಿಸಿ. ಫ್ಲಾಸ್ಕ್ ಬಿಸಿಯಾಗುತ್ತದೆ ಎಂಬುದನ್ನೂ ಹೇಳಿಬಿಡಿ. ಗೊತ್ತಿಲ್ಲದವರು ಬೆಚ್ಚಿ ಕೈಬಿಡುತ್ತಾರೆ.

ಬರೆದದ್ದು ಸರಿಯಿದೆಯೇ ಎಂದು ಹಳಬರನ್ನು ಕೇಳಿ ಪ್ರಯೋಜನವಿಲ್ಲ. ಕಾಗದದಲ್ಲಿ ಬಿಟ್ಟುಹೋದದ್ದನ್ನು ಅವರ ಕೈ ತಾನಾಗಿಯೇ ತುಂಬಿಕೊಳ್ಳುತ್ತದೆ. ಹೊಸಬರೊಬ್ಬರಿಗೆ ಕಾಗದ ಕೊಡಿ. ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಿರುವ ಒಂದು ಸ್ಲೈಡ್, ಇಲ್ಲವೆಂದು ಗೊತ್ತಿರುವ ಇನ್ನೊಂದು ಕೊಡಿ. ಬರೆದವರು ಪಕ್ಕದಲ್ಲಿ ನಿಂತು, ಅಪಾಯವಾಗುವ ಹಾಗಿದ್ದರೆ ಮಾತ್ರ ಬಾಯಿ ಬಿಡಲಿ. ‘ಮೇಡಂ, ರ‍್ಯಾಕಿನಲ್ಲಿ ಎಂಟು ಸ್ಲೈಡ್ ಇವೆ, ಯಾವುದಕ್ಕೆ ಹಬೆ ಬಂದಾಗ ಟೈಮರ್ ಒತ್ತಲಿ?’ ಎಂದು ಕೇಳಿದರೆ, ಅದು ಕೇಳಿದವರ ಅಜ್ಞಾನವಲ್ಲ, ಎಸ್‌ಒಪಿಯಲ್ಲಿ ಇಲ್ಲದ ಸಾಲು. ಲ್ಯಾಬಿನ ಮುಖ್ಯಸ್ಥರು ತೀರ್ಮಾನಿಸಿ ಅದನ್ನು ಬರೆಯಬೇಕು. ಆಮೇಲೆ ಎರಡೂ ಸ್ಲೈಡುಗಳ ಫಲಿತಾಂಶ ಸರಿ ಬಂದಿದೆಯೇ ನೋಡಬೇಕು.

ತಿದ್ದಿದ ಪ್ರತಿಗೆ ಹೊಸ ಆವೃತ್ತಿ ಸಂಖ್ಯೆ, ದಿನಾಂಕ, ಒಪ್ಪಿದವರ ಸಹಿ ಬೇಕು. ಹಳೆಯದು ಅದೇ ದಿನ ಗೋಡೆಯಿಂದ ಇಳಿಯಬೇಕು. ಗೋಡೆಯ ಪ್ರತಿಯ ಮೇಲೆ ಯಾರಾದರೂ ಪೆನ್ನಿನಲ್ಲಿ ‘ಇಲ್ಲಿ 2 ನಿಮಿಷ ಸಾಲದು’ ಎಂದು ಗೀಚಿದ್ದರೆ, ಅದನ್ನು ಅಳಿಸುವ ಮುಂಚೆ ಬರೆದವರನ್ನು ಕರೆದು ಏನು ಕಂಡಿತೆಂದು ಕೇಳಿ. ಸ್ಲೈಡುಗಳನ್ನು ದಪ್ಪಗೆ ಸವರುತ್ತಿರಬಹುದು, ಆಮ್ಲ ಹಳತಾಗಿರಬಹುದು. ಯಾವುದು ನಿಜವೋ ಅದರ ಮೇಲೆ ತಿದ್ದಬೇಕಾದ ಹಂತ ಯಾವುದೆಂದು ನಿರ್ಧಾರವಾಗುತ್ತದೆ.