ಶೀರ್ಷಿಕೆಯ ಕೊನೆಯ ಸಾಲಿನಲ್ಲಿ ಉಳಿದುಬಿಡುವ ಒಂಟಿ ಪದ

‘ಕೆರೆ ಹೂಳು ತೆಗೆದ ಊರಿನಲ್ಲಿ ಬೇಸಿಗೆಯಲ್ಲೂ ಬಾವಿ ತುಂಬಾ ನೀರು’. ಸುದ್ದಿತಾಣವೊಂದರಲ್ಲಿ ಇಂಥದ್ದೊಂದು ಶೀರ್ಷಿಕೆ ಇದೆ ಎಂದಿಟ್ಟುಕೊಳ್ಳೋಣ. ಪರದೆಯ ಅಗಲ ಸ್ವಲ್ಪವೇ ಸಾಲದೆ ಹೋದರೂ ‘ತುಂಬಾ’ ಎಂಬಲ್ಲಿಗೆ ಮೊದಲ ಸಾಲು ಮುಗಿದು, ‘ನೀರು’ ಮಾತ್ರ ಕೆಳಗೆ ಒಂಟಿಯಾಗಿ ನಿಲ್ಲುತ್ತದೆ. ದಪ್ಪಕ್ಷರದ ದೊಡ್ಡ ಸಾಲಿನಡಿಯಲ್ಲಿ ಎರಡೇ ಅಕ್ಷರ, ಅದರ ಪಕ್ಕದಲ್ಲಿ ಉದ್ದಕ್ಕೂ ಖಾಲಿ.

ಅಚ್ಚಿನ ಪತ್ರಿಕೆಯಲ್ಲಿ ಉಪಸಂಪಾದಕರು ಇದನ್ನು ಕೈಯಾರೆ ಸರಿಪಡಿಸುತ್ತಾರೆ. ಕಾಲಂ ಎಷ್ಟು ಅಗಲ ಎಂಬುದು ಅವರಿಗೆ ಮೊದಲೇ ಗೊತ್ತಿರುವುದರಿಂದ ಒಂದು ಪದ ಬದಲಿಸಿಯೋ ಸಾಲನ್ನು ಬೇರೆ ಕಡೆ ಮುರಿದೋ ಹೊಂದಿಸಬಹುದು. ಜಾಲಪುಟಕ್ಕೆ ಅಂಥ ಗೊತ್ತಾದ ಅಗಲವೇ ಇಲ್ಲ. `<br>` ಹಾಕಿ ಸಾಲು ಮುರಿದರೆ ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುತ್ತದೆ. ಅದೇ ಮುರಿತ ಮೊಬೈಲಿನಲ್ಲಿ ಇನ್ನೊಂದು ಒಂಟಿ ಪದವನ್ನು ಹುಟ್ಟಿಸುತ್ತದೆ. ಅಡೋಬಿ ಕಂಪನಿ ಇದಕ್ಕಾಗಿಯೇ balance-text ಎಂಬ ಜಾವಾಸ್ಕ್ರಿಪ್ಟ್ ತುಣುಕನ್ನು ಕೊಟ್ಟಿತ್ತು. ಆದರೆ ಇಂಥ ತುಣುಕು ಕೆಲಸ ಶುರುಮಾಡುವಷ್ಟರಲ್ಲಿ ಪುಟ ಮೂಡಿಬಿಟ್ಟಿದ್ದರೆ, ಶೀರ್ಷಿಕೆ ಓದುಗರ ಕಣ್ಣೆದುರೇ ಜಿಗಿದು ಜಾಗ ಬದಲಿಸುತ್ತದೆ.

ಈಗ ಈ ಕೆಲಸವನ್ನು ಬ್ರೌಸರೇ ಮಾಡುತ್ತದೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಕಡತದಲ್ಲಿ ಇಷ್ಟು ಬರೆದರೆ ಸಾಕು:

```css
h1, h2, h3 {
  text-wrap: balance;
}
```

ಇದು 2023ರಲ್ಲಿ ಕ್ರೋಮ್ 114ಕ್ಕೆ, ಅದೇ ವರ್ಷದ ಕೊನೆಗೆ ಫೈರ್‌ಫಾಕ್ಸ್ 121ಕ್ಕೆ, 2024ರಲ್ಲಿ ಸಫಾರಿ 17.5ಕ್ಕೆ ಬಂತು. ಅದಕ್ಕಿಂತ ಹಳೆಯ ಬ್ರೌಸರ್‌ಗಳು ಈ ಸಾಲನ್ನು ಗಮನಿಸದೆ ಮುಂದೆ ಹೋಗುತ್ತವೆ. ಶೀರ್ಷಿಕೆ ಮೊದಲಿನಂತೆಯೇ ಕಾಣುತ್ತದೆ, ಏನೂ ಕೆಡುವುದಿಲ್ಲ.

ಬ್ರೌಸರ್ ಒಳಗೊಳಗೆ ಮಾಡುವ ಲೆಕ್ಕ ಸರಳವಾದುದು. ಮೊದಲು ಶೀರ್ಷಿಕೆಗೆ ಎಷ್ಟು ಸಾಲು ಬೇಕೆಂದು ನೋಡಿಕೊಳ್ಳುತ್ತದೆ. ಆ ಸಂಖ್ಯೆ ಹೆಚ್ಚದಂತೆ ಸಾಲಿನ ಅಗಲವನ್ನು ಎಷ್ಟರಮಟ್ಟಿಗೆ ಕುಗ್ಗಿಸಬಹುದು ಎಂದು ಆಮೇಲೆ ಹುಡುಕುತ್ತದೆ. ಕೆರೆಯ ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಒಂದೊಂದು ಅಕ್ಷರಕ್ಕೂ ಪದಗಳ ನಡುವಿನ ತೆರಪಿಗೂ ಒಂದೊಂದು ಮನೆ ಎಂದು ಸ್ಥೂಲವಾಗಿ ಎಣಿಸಿದರೆ ಒಟ್ಟು 29 ಮನೆಗಳು. ಇರುವ ಅಗಲ 27. ಹಾಗಾಗಿ ಎರಡು ಸಾಲು ಬೇಕೇ ಬೇಕು. ಅಗಲವನ್ನು 13ಕ್ಕೆ ಇಳಿಸಿದರೆ ಮೂರು ಸಾಲಾಗುತ್ತದೆ, ಅದು ನಡೆಯದು. 20 ಆದರೆ ಎರಡೇ ಸಾಲು. 16 ಆದರೂ ಎರಡೇ. 14ಕ್ಕೆ ಇಳಿಸಿದರೂ ಎರಡೇ. ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ. ‘ಕೆರೆ ಹೂಳು ತೆಗೆದ ಊರಿನಲ್ಲಿ’ ಮೇಲೆ, ‘ಬೇಸಿಗೆಯಲ್ಲೂ ಬಾವಿ ತುಂಬಾ ನೀರು’ ಕೆಳಗೆ. ಎರಡೂ ಸರಿಯಾಗಿ 14 ಮನೆ! 13 ಮನೆಯಷ್ಟೇ ಅಗಲವಿರುವ ಕಿರಿದಾದ ಪರದೆಯಲ್ಲಿ ಇದೇ ಲೆಕ್ಕ ಮೂರು ಸಾಲಿಗೆ ನಡೆದು 9, 10, 8 ಮನೆಗಳ ಸಾಲುಗಳಾಗುತ್ತವೆ.

ಈ ಲೆಕ್ಕದಲ್ಲಿ ಅಗಲ ಮಾತ್ರ ಇದೆ, ಅರ್ಥ ಇಲ್ಲ. ಮೇಲಿನ ಉದಾಹರಣೆಯಲ್ಲಿ ಸಾಲು ಮುರಿದ ಜಾಗ ಅರ್ಥಕ್ಕೂ ಒಪ್ಪಿದ್ದು ಅದೃಷ್ಟ. ‘ದ.ರಾ. ಬೇಂದ್ರೆ’ಯವರ ಹೆಸರನ್ನು ನಡುವೆ ಕತ್ತರಿಸಿದರೆ ಎರಡು ಕಡೆ ಅಗಲ ಸಮವಾಗುತ್ತದೆ ಎಂದಾದರೆ ಬ್ರೌಸರ್ ಅಲ್ಲೇ ಕತ್ತರಿಸುತ್ತದೆ. ಅದನ್ನು ತಡೆಯಲು ಬರೆಯುವವರು ಇನಿಷಿಯಲ್ಲಿಗೂ ಹೆಸರಿಗೂ ನಡುವೆ `&nbsp;` ಹಾಕಬೇಕು. ಅಲ್ಲಿ ಸಾಲು ಮುರಿಯುವುದಿಲ್ಲ, ಉಳಿದ ಕಡೆ ಸಮತೋಲನ ಎಂದಿನಂತೆ ನಡೆಯುತ್ತದೆ. ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವ ಕನ್ನಡದಲ್ಲಿ ಇನ್ನೊಂದು ಮಾತನ್ನೂ ನೆನಪಿಡಬೇಕು. ‘ಹಳ್ಳಿ ಶಾಲೆಗಳಿಗೆ ಗ್ರಂಥಾಲಯಗಳು’ ಎಂಬ ಶೀರ್ಷಿಕೆ ಎರಡು ಸಾಲಾದರೆ ಕೊನೆಯಲ್ಲಿ ಒಂದೇ ಪದ ಉಳಿಯುತ್ತದೆ. ಆ ಪದವೇ ಮೇಲಿನ ಸಾಲಿಗೆ ಹತ್ತಿರಹತ್ತಿರ ಉದ್ದವಿರುವುದರಿಂದ ಅದು ದೋಷವಲ್ಲ.

ಚೆಂದವಾಯಿತೆಂದು ಇದನ್ನು ಇಡೀ ಪುಟಕ್ಕೆ, ಅಂದರೆ body ಭಾಗಕ್ಕೆ, ಹಾಕುವವರಿದ್ದಾರೆ. ಹಾಗೆ ಮಾಡಬಾರದು. ಈ ಗುಣ ಒಳಗಿನ ಎಲ್ಲ ಭಾಗಗಳಿಗೂ ಇಳಿದುಬರುತ್ತದೆ. ಲೆಕ್ಕ ದುಬಾರಿಯಾಗದಿರಲೆಂದು ಕ್ರೋಮ್ 6 ಸಾಲು, ಫೈರ್‌ಫಾಕ್ಸ್ 10 ಸಾಲು ದಾಟಿದ ಬರಹವನ್ನು ಮುಟ್ಟುವುದೇ ಇಲ್ಲ. ಪರಿಣಾಮವಾಗಿ ಉದ್ದದ ಪ್ಯಾರಾಗಳು ಪೂರ್ತಿ ಅಗಲಕ್ಕೆ ಹರಡಿಕೊಂಡಿರುತ್ತವೆ, ನಡುನಡುವಿನ ಚಿಕ್ಕ ಪ್ಯಾರಾಗಳು ಮಾತ್ರ ಬಲಗಡೆ ಜಾಗ ಬಿಟ್ಟು ಮುದುಡಿರುತ್ತವೆ. ಹಾಗೆ ಕಂಡರೆ ನಿಯಮ ತಪ್ಪು ಜಾಗದಲ್ಲಿದೆ ಎಂದೇ ಅರ್ಥ. ಪ್ಯಾರಾಗಳ ಕೊನೆಯ ಸಾಲಿನ ಒಂಟಿ ಪದಕ್ಕೆ `text-wrap: pretty` ಎಂಬ ಬೇರೆಯದೇ ಬೆಲೆ ಇದೆ.

ಬಣ್ಣದ ಪಟ್ಟಿಯ ಮೇಲೆ ಶೀರ್ಷಿಕೆ ಇಡುವವರಿಗೂ ಒಂದು ತೊಡಕು ಎದುರಾಗುತ್ತದೆ. ಸಾಲುಗಳು ಕಿರಿದಾದರೂ ಅವುಗಳ ಹಿಂದಿನ ಪೆಟ್ಟಿಗೆ ಕಿರಿದಾಗುವುದಿಲ್ಲ. ಎಡಕ್ಕೆ ಒತ್ತಿದ ಶೀರ್ಷಿಕೆಯ ಬಲಗಡೆ ಬಣ್ಣ ಬರಿದಾಗಿ ಚಾಚಿಕೊಂಡಿರುತ್ತದೆ. ಅಂಥ ಕಡೆ ಶೀರ್ಷಿಕೆಯನ್ನು ಮಧ್ಯಕ್ಕೆ ತಂದರೆ ಎರಡೂ ಬದಿಯ ಖಾಲಿ ಜಾಗ ಸಮವಾಗುತ್ತದೆ. ಎಡಕ್ಕೇ ಇರಬೇಕೆಂದರೆ ಅಕ್ಷರಗಳನ್ನು `<span>` ಒಳಗಿಟ್ಟು ಬಣ್ಣವನ್ನು ಅದಕ್ಕೆ ಕೊಡಬಹುದು. ಆಗ ಬಣ್ಣ ಪ್ರತಿ ಸಾಲಿನ ಅಕ್ಷರಗಳು ಮುಗಿಯುವಲ್ಲಿಗೇ ನಿಲ್ಲುತ್ತದೆ.